ಹಳೆ ಬಲೆ ನೀರಲ್ಲಿ ಮುಳುಗುತ್ತಾ, ತೇಲುತ್ತಾ?

ಪ್ರಶ್ನೆ: ಬೀಚ್ ಕ್ಲೀನ್ ಮಾಡಿದಾಗ ಸುಮಾರು 200 ಕೆಜಿ ಹಳೆ ಮೀನಿನ ಬಲೆ, ಹಗ್ಗ ಸಿಕ್ಕಿದೆ. ಗುಜರಿಯವರು ಬೇಡ ಅಂತಾರೆ. ಬಲೆಯಿಂದ ಬಟ್ಟೆ ಮಾಡ್ತಾರೆ ಅಂತ ಕೇಳಿದ್ದೆ. ಇದನ್ನೇನು ಮಾಡೋದು?

ಬಟ್ಟೆ ಮಾಡುವುದು ನಿಜ, ಆದರೆ ನೈಲಾನ್ ಬಲೆಯಿಂದ ಮಾತ್ರ. ನಿಮ್ಮ ರಾಶಿಯಲ್ಲಿ ಅದು ಎಷ್ಟಿದೆ ಅಂತ ಮೊದಲು ನೋಡಬೇಕು. ಗುಜರಿಯವರು ಬೇಡ ಅನ್ನುವುದಕ್ಕೂ ಕಾರಣ ಇದೆ. ಸಿಕ್ಕು ಬಿಡಿಸುವ ಕೂಲಿ ಮಾಲಿನ ಬೆಲೆಯನ್ನೇ ತಿಂದುಹಾಕುತ್ತದೆ.

ನಾನು ಉಡುಪಿ ಕಡೆಯವನು. ನಾಲ್ಕೈದು ಜನ ಸೇರಿ ಕೆಲವು ವರ್ಷ ಈ ಕೆಲಸ ಮಾಡಿದ್ದೇವೆ. ಶುರುವಿನಲ್ಲಿ ಎಲ್ಲವನ್ನೂ ಒಂದೇ ಗೋಣಿಗೆ ತುಂಬಿ ಕಳಿಸಿದ್ದೆವು. ಲೋಡು ಹಾಗೇ ವಾಪಸ್ ಬಂತು, ಲಾರಿ ಬಾಡಿಗೆಯೂ ನಮ್ಮ ತಲೆಗೇ. ಆಮೇಲೆ ಕಲಿತಿದ್ದನ್ನು ಹೇಳುತ್ತೇನೆ.

ನಮ್ಮ ಕರಾವಳಿಯಲ್ಲಿ ಬೋಟು ಎಳೆದುಕೊಂಡು ಹೋಗುವ ಟ್ರಾಲ್ ಬಲೆ ಹೆಚ್ಚಾಗಿ ಎಚ್‌ಡಿಪಿಇ, ಅಂದರೆ ಬಿಂದಿಗೆ ಮಾಡುವ ಜಾತಿಯ ಪ್ಲಾಸ್ಟಿಕ್. ಮೀನಿನ ಗುಂಪನ್ನು ಸುತ್ತುವರಿಯುವ ಪರ್ಸೀನ್ ಬಲೆ, ನೀರಲ್ಲಿ ಗೋಡೆಯ ಹಾಗೆ ನಿಲ್ಲಿಸುವ ಗಿಲ್‌ನೆಟ್ ಹೆಚ್ಚಾಗಿ ನೈಲಾನ್. ಹಗ್ಗ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್. ಬಣ್ಣ ನೋಡಿ ಇವನ್ನು ಬೇರೆ ಮಾಡಲು ಹೋಗಬೇಡಿ, ಖಂಡಿತ ಮೋಸಹೋಗುತ್ತೀರಿ. ಒಂದು ಬಕೆಟ್ ನೀರು ಸಾಕು. ಬಲೆಯ ಸಣ್ಣ ತುಂಡು ಕತ್ತರಿಸಿ, ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ತುಂಡನ್ನು ಒಳಗೇ ಹಿಂಡಿ ಬಿಡಿ. ಸೋಪು ಇಲ್ಲದಿದ್ದರೆ ಎಳೆಗಳ ನಡುವೆ ಗಾಳಿಗುಳ್ಳೆ ನಿಂತು ನೈಲಾನೂ ತೇಲುತ್ತದೆ, ನಮಗೆ ಹಾಗೇ ಆಗಿತ್ತು. ಎಚ್‌ಡಿಪಿಇ, ಪಾಲಿಪ್ರೊಪಿಲೀನ್ ಎರಡೂ ತೇಲುತ್ತವೆ. ನೈಲಾನ್ ಮುಳುಗುತ್ತದೆ.

ಮುಳುಗಿದ್ದೆಲ್ಲ ನೈಲಾನ್ ಅಲ್ಲ, ಪಾಲಿಯೆಸ್ಟರೂ ಮುಳುಗುತ್ತದೆ. ಅದಕ್ಕೆ ಇನ್ನೊಂದು ಬಕೆಟ್‌ನಲ್ಲಿ ಉಪ್ಪು ಇನ್ನು ಕರಗುವುದಿಲ್ಲ ಅನ್ನುವವರೆಗೂ ಕದಡಿ. ಲೀಟರಿಗೆ ಸುಮಾರು 350 ಗ್ರಾಂ ಹಿಡಿಯುತ್ತದೆ. ಈ ನೀರಲ್ಲಿ ನೈಲಾನ್ ಮೇಲೆ ಬರುತ್ತದೆ, ಪಾಲಿಯೆಸ್ಟರ್ ತಳದಲ್ಲೇ ಕೂರುತ್ತದೆ.

ಇಷ್ಟೊಂದು ಹಠ ಯಾಕೆ ಅಂದರೆ, ಬಲೆಗೆ ಬಳಸುವ ನೈಲಾನ್ 6 ಅನ್ನುವ ಜಾತಿ ಕರಗಲು ಸುಮಾರು 220 ಡಿಗ್ರಿ ಬೇಕು, ಎಚ್‌ಡಿಪಿಇಗೆ 130ರ ಆಸುಪಾಸು ಸಾಕು. ಒಟ್ಟಿಗೆ ಕರಗಿಸಿದರೂ ಎಣ್ಣೆ ನೀರಿನ ಹಾಗೆ ಬೇರೆಯಾಗಿಯೇ ಉಳಿಯುತ್ತವೆ. ಅದರಿಂದ ಮಾಡಿದ ಸಾಮಾನು ಬಗ್ಗಿಸಿದರೆ ಪದರ ಪದರವಾಗಿ ಸೀಳುತ್ತದೆ.

ಬೇರೆ ಮಾಡಿದ ಮೇಲೆ ಬಲೆಯ ಅಂಚಿನ ಹಗ್ಗವನ್ನೇ ಕತ್ತರಿಸಿ ತೆಗೆಯಿರಿ. ಸೀಸದ ಗುಂಡು, ಬಲೆ ತೇಲಿಸುವ ಬೆಂಡು, ಪರ್ಸೀನ್ ಬಲೆಯ ಲೋಹದ ಬಳೆ ಎಲ್ಲ ಅದರಲ್ಲೇ ಇರುತ್ತವೆ. ಒಂದೊಂದೇ ಬಿಚ್ಚುತ್ತಾ ಕೂತರೆ ದಿನ ಮುಗಿಯುತ್ತದೆ. ಸೀಸಕ್ಕೆ ಗುಜರಿಯಲ್ಲಿ ಬೆಲೆ ಇದೆ, ಬೇರೆ ಡಬ್ಬಿಗೆ ಹಾಕಿ. ಮುಟ್ಟಿದ ಕೈ ತೊಳೆಯದೆ ಏನೂ ತಿನ್ನಬೇಡಿ. ಆಮೇಲೆ ಮರಳು ಕೊಡವಿ, ಸಿಹಿನೀರಲ್ಲಿ ತೊಳೆದು ಒಣಗಿಸಿ. ಮರಳು ಕರಗಿಸುವ ಯಂತ್ರದ ಸ್ಕ್ರೂ ಸವೆಸುತ್ತದೆ. ಒದ್ದೆ ನೈಲಾನ್ ಕರಗಿಸಿದರೆ ಅದರ ಅಣುಗಳ ಉದ್ದ ಸರಪಳಿಯೇ ತುಂಡಾಗಿ ಮಾಲು ಗಟ್ಟಿತನ ಕಳೆದುಕೊಳ್ಳುತ್ತದೆ. ಉದ್ದ ಬಲೆಯನ್ನು ಪುಡಿ ಮಾಡುವ ಯಂತ್ರಕ್ಕೆ ಹಾಗೇ ಹಾಕಿದರೆ ದಿಂಡಿಗೆ ಸುತ್ತಿಕೊಂಡು ನಿಂತುಬಿಡುತ್ತದೆ. ಮೊದಲೇ ಗೇಣುದ್ದ ಕತ್ತರಿಸಿದರೆ ತೊಂದರೆ ಇಲ್ಲ.

ಇನ್ನೊಂದು ಪರೀಕ್ಷೆ ಇದೆ. ಒಂದು ಎಳೆ ಹಿಡಿದು ಜೋರಾಗಿ ಎಳೆಯಿರಿ. ಬೆರಳಿಗೆ ಬಿಳಿ ಪುಡಿ ಅಂಟಿ ಪಟ್ಟನೆ ತುಂಡಾದರೆ ಬಿಸಿಲು ಅದನ್ನು ಮುಗಿಸಿದೆ ಅಂತ. ಕರಗಿಸಿ ಮತ್ತೆ ಬಳಸುವ ಪ್ಲಾಸ್ಟಿಕ್ ಗುಳಿಗೆ ಮಾಡಲು ಅದು ಆಗುವುದಿಲ್ಲ. ಆದರೆ ಸ್ಲೊವೇನಿಯಾದ ಲ್ಯುಬ್ಲಿಯಾನಾದಲ್ಲಿ ಅಕ್ವಾಫಿಲ್ ಕಂಪನಿ 2011ರಿಂದ ನೈಲಾನ್ 6 ಅನ್ನು ಕ್ಯಾಪ್ರೊಲ್ಯಾಕ್ಟಮ್ ಅನ್ನುವ ಮೂಲವಸ್ತುವಿಗೇ ಒಡೆದು ಹೊಸದಾಗಿ ನೂಲು ತೆಗೆಯುತ್ತಿದೆ. ನೀವು ಕೇಳಿದ ಬಟ್ಟೆ ಬಹುಶಃ ಇದೇ. ಅಲ್ಲಿ ಎಳೆ ಗಟ್ಟಿ ಇದೆಯಾ ಅನ್ನುವುದಕ್ಕಿಂತ ಬೇರೆ ಪ್ಲಾಸ್ಟಿಕ್ ಬೆರೆತಿಲ್ಲವಾ ಅನ್ನುವುದು ಮುಖ್ಯ. 200 ಕೆಜಿಗೆ ಅಂಥ ದಾರಿ ಸಿಗುವುದಿಲ್ಲ ಬಿಡಿ, ಟನ್‌ಗಟ್ಟಲೆ ಕೂಡಿಹಾಕುವವರಿಗೆ ಅದು.

ಬಿಡಿಸಲಾಗದ ಗಂಟು ಉಳಿದೇ ಉಳಿಯುತ್ತದೆ. ಡಾಂಬರಿಗೆ ಹಾಕಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಕೇರಳದ ಕೊಲ್ಲಂ ಹತ್ತಿರ ನೀಂದಕರದಲ್ಲಿ 2017ರಿಂದ ಮೀನುಗಾರರು ಬಲೆಗೆ ಸಿಕ್ಕ ಪ್ಲಾಸ್ಟಿಕ್ ದಡಕ್ಕೆ ತಂದುಕೊಡುತ್ತಿದ್ದರು, ಪುಡಿ ಮಾಡಿ ರಸ್ತೆಗೆ ಬಳಸಿದ್ದೂ ಹೌದು. ಆದರೆ ಡಾಂಬರಿನ ಜಲ್ಲಿಯನ್ನು ಕಾಯಿಸುವುದು 160–170 ಡಿಗ್ರಿಗೆ. ಆ ಬಿಸಿಗೆ ನೈಲಾನ್ ಕರಗುವುದೇ ಇಲ್ಲ. ಬೆರೆತ ಗಂಟು ಕೊಡುವುದಿದ್ದರೆ ಸಿಮೆಂಟ್ ಫ್ಯಾಕ್ಟರಿಯ ಗೂಡಿಗೆ ಇಂಧನವಾಗಿ ಕೊಡಬಹುದು, ಪಿವಿಸಿ ಬೆಂಡು ತೆಗೆದು. ಪಂಚಾಯತಿಯ ಒಣಕಸ ಘಟಕದಲ್ಲಿ ಕೇಳಿ ನೋಡಿ.

ನಿಜ ಹೇಳಬೇಕೆಂದರೆ, ಬೀಚಿನಲ್ಲಿ ಸಿಗುವುದು ಈ ಕೆಲಸಕ್ಕೆ ಅತಿ ಕೆಟ್ಟ ಮಾಲು. ಒಳ್ಳೆ ಮಾಲು ಇರುವುದು ದಕ್ಕೆಯಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಬಲೆ ರಿಪೇರಿ ಆಗುವುದು ಆಗಲೇ. ಬಲೆ ಹೊಲಿಯುವವರು ಕತ್ತರಿಸಿ ಬಿಸಾಡಿದ್ದು ಮರಳಿಲ್ಲದೆ, ಒಂದೇ ಜಾತಿಯದ್ದಾಗಿ, ರಾಶಿಯಾಗಿ ಬಿದ್ದಿರುತ್ತದೆ. ಇದು ಟ್ರಾಲ್ ಬಲೆಯಾ ಪರ್ಸೀನಾ ಅಂತ ಕೇಳಿದರೆ ಅವರೇ ಹೇಳುತ್ತಾರೆ, ಬಕೆಟ್ಟೂ ಬೇಡ. ನಾವು ಈಗ ಎರಡು ಗೋಣಿ ಕೊಟ್ಟು ಬರುತ್ತೇವೆ, ಒಂದು ಟ್ರಾಲ್‌ಗೆ, ಒಂದು ಪರ್ಸೀನ್‌ಗೆ. ವಾರ ಬಿಟ್ಟು ಹೋದರೆ ತುಂಬಿರುತ್ತವೆ.