ಭಕ್ತಿ–ಸೂಫಿ ಪಾಠ: ಮಕ್ಕಳ ಉತ್ತರ ಎಲ್ಲಿ ತಪ್ಪುತ್ತಿದೆ

“ಶಿಕಾರಿಪುರದ ಹತ್ತಿರ ಏಳನೇ ತರಗತಿಗೆ ಪಾಠ ಮಾಡುತ್ತೇನೆ. ಭಕ್ತರೂ ಸೂಫಿಗಳೂ ಪೂಜೆ, ನಮಾಜು ಬೇಡವೆಂದರು ಎಂದೇ ಎಲ್ಲರೂ ಬರೆಯುತ್ತಾರೆ. ಹೇಗೆ ತಿದ್ದಲಿ?”

‘ಆಚರಣೆಗಿಂತ ಪ್ರೀತಿ ದೊಡ್ಡದು’ ಎಂಬುದನ್ನು ಮಕ್ಕಳು ‘ಆಚರಣೆಯೇ ಬೇಡ’ ಎಂದು ತಿಳಿದಿರಬೇಕು. ನಿಮ್ಮ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿಯಿಂದಲೇ ಆರಂಭಿಸಿ; ಚೆನ್ನಮಲ್ಲಿಕಾರ್ಜುನನೇ ತನ್ನ ಗಂಡ ಎಂದವಳು ಆಕೆ. ಆಮೇಲೆ 8ನೇ ಶತಮಾನದ ಇರಾಕಿನ ಬಸ್ರಾದ ಸೂಫಿ ಸಂತೆ ರಾಬಿಯಾಳ ಕಥೆ ಹೇಳಿ. ಒಂದು ಕೈಯಲ್ಲಿ ಬೆಂಕಿ, ಇನ್ನೊಂದರಲ್ಲಿ ನೀರು ಹಿಡಿದು ಹೊರಟಳಂತೆ: ಸ್ವರ್ಗವನ್ನು ಸುಡಲು, ನರಕವನ್ನು ಆರಿಸಲು. ಆಸೆಯೂ ಭಯವೂ ಹೋದರೆ ಉಳಿಯುವುದು ಪ್ರೀತಿಯೊಂದೇ. ಇಬ್ಬರೂ ಕೂಡುವುದು ಇಲ್ಲಿಯೇ.

ಈಗ ಕೇಳಿ: ರಾಬಿಯಾ ನಮಾಜು ಬಿಟ್ಟಳೇ? ಇಲ್ಲ, ರಾತ್ರಿಯಿಡೀ ಪ್ರಾರ್ಥಿಸುತ್ತಿದ್ದಳೆಂದೇ ಅವಳ ಕಥೆಗಳು ಹೇಳುತ್ತವೆ. ಬಹುಪಾಲು ಸೂಫಿಗಳು ನಮಾಜಿಗೆ ಒಲವು ತುಂಬಿದರು. ಶರಣರಾದರೋ ಸ್ಥಾವರಲಿಂಗದ ಪೂಜೆಯನ್ನೇ ತೊರೆದು ಅಂಗೈಯ ಇಷ್ಟಲಿಂಗ ಹಿಡಿದರು. ಈ ವ್ಯತ್ಯಾಸವನ್ನು ಮಕ್ಕಳಿಂದಲೇ ಎರಡು ವಾಕ್ಯಗಳಲ್ಲಿ ಬರೆಸಿ.