ಬ್ಯಾಗ್ ತರಲು ಓಡುವ ಹುಡುಗನನ್ನು ತೆಗೆದುಬಿಡಿ

“ಐದಾರು ವರ್ಷದ ಮಕ್ಕಳಿಗೆ ಬೆಂಕಿ ಡ್ರಿಲ್ ತೋರಿಸಲು 4 ನಿಮಿಷದ ವಿಡಿಯೊ ಮಾಡಿದೆವು. ಸೈರನ್ ಕೂಗುತ್ತದೆ, ಹೊಗೆ ಬರುತ್ತದೆ, ಒಬ್ಬ ಹುಡುಗ ಬ್ಯಾಗ್ ತರಲು ಓಡಿ ಬೀಳುತ್ತಾನೆ, ಟೀಚರ್ ತಿದ್ದುತ್ತಾರೆ. ನೋಡಿದ ಇಬ್ಬರು ಮಕ್ಕಳು ಅತ್ತರು. ಉಳಿದವರು ಡ್ರಿಲ್‌ನಲ್ಲಿ ಓಡಿದರು! ಸ್ಕ್ರಿಪ್ಟ್‌ನಲ್ಲಿ ಏನು ತಪ್ಪಿದೆ?”
— ಒಬ್ಬ ಶಿಕ್ಷಕಿ

ಮೇಡಂ, ಓಡಿದ್ದು ಮಕ್ಕಳ ತಪ್ಪಲ್ಲ. ನೀವು ತೋರಿಸಿದ್ದನ್ನೇ ಅವರು ಮಾಡಿದ್ದಾರೆ. ತಪ್ಪು ತೋರಿಸಿ ಆಮೇಲೆ ತಿದ್ದುವುದು ದೊಡ್ಡವರಿಗೆ ಸರಿ. ಇಷ್ಟು ಚಿಕ್ಕವರ ಮನಸ್ಸಿನಲ್ಲಿ ಉಳಿಯುವುದು ಓಡಿದ ಹುಡುಗ, ಟೀಚರ್ ಮಾತಲ್ಲ. ಅವನನ್ನು ತೆಗೆದುಬಿಡಿ. ಮಕ್ಕಳು ಸಾಲಾಗಿ ಹೊರಟ ಮೇಲೆ ಗೋಡೆಯ ಮೊಳೆಗೆ ತೂಗುಹಾಕಿದ ಬ್ಯಾಗುಗಳನ್ನು ಒಂದೆರಡು ಕ್ಷಣ ತೋರಿಸಿ. “ಬ್ಯಾಗ್ ಇಲ್ಲೇ ಇರುತ್ತೆ” ಅಂತ ಒಂದು ದನಿ ಹೇಳಿದರೆ ಸಾಕು. “ಓಡಬೇಡಿ” ಅನ್ನುವ ಕಡೆಯೆಲ್ಲ “ನಡೆಯಿರಿ” ಅಂತ ಬದಲಾಯಿಸಿ.

ಅಳು ಬಂದದ್ದು ಸೈರನ್‌ನಿಂದ ಇರಬೇಕು. ಹೆದರಿದ ಮಗು ಹೊರಗೆ ಬರುವುದಿಲ್ಲ, ಮೇಜಿನ ಕೆಳಗೋ ಬೀರುವಿನ ಒಳಗೋ ಅಡಗುತ್ತದೆ. ಅಲ್ಲಿ ಹುಡುಕುವುದು ಎಷ್ಟು ಕಷ್ಟ, ಯೋಚಿಸಿ. ಅದಕ್ಕೇ ಸದ್ದಿಗೆ ಮೊದಲೇ ಟೀಚರ್ ಹೇಳಲಿ: “ಈಗ ಒಂದು ಜೋರು ಸದ್ದು ಬರುತ್ತೆ. ಹೊರಗೆ ಬನ್ನಿ ಅಂತ ಅದು ಕರೆಯುತ್ತೆ.” ಎಲ್ಲಿಂದಲೋ ತಂದ ಸೈರನ್ ಬೇಡ, ನಿಮ್ಮ ಶಾಲೆಯ ಅಲಾರಂ ಅನ್ನೇ ರೆಕಾರ್ಡ್ ಮಾಡಿ. ಮೊದಲ ಸಲ ಮೆಲ್ಲಗೆ ಕೇಳಿಸಲಿ, ಎರಡನೇ ಸಲ ಸ್ವಲ್ಪ ಜೋರಾಗಿ.

ಹೊಗೆಯನ್ನೂ ತೆಗೆದುಬಿಡಿ. ಹೊಗೆಯ ಕೆಳಗೆ ತೆವಳುವುದು, ಬಟ್ಟೆಗೆ ಬೆಂಕಿ ಹತ್ತಿದರೆ ನಿಂತು, ಮಲಗಿ, ಉರುಳುವುದು, ಇವು ಬೇರೆ ದಿನದ ಪಾಠ. ಎಲ್ಲ ಒಂದರಲ್ಲೇ ತುರುಕಿದರೆ ಅಲಾರಂ ಕೇಳಿದ ಕೂಡಲೇ ಯಾರಾದರೂ ಕಾರಿಡಾರ್‌ನಲ್ಲಿ ಮಲಗಿಬಿಟ್ಟಾರು!

ಉಳಿದ ಸಮಯವನ್ನು ಟಾಯ್ಲೆಟ್‌ಗೆ ಹೋದ ಮಗುವಿಗೆ ಕೊಡಿ. ಎಷ್ಟೋ ಸ್ಕ್ರಿಪ್ಟ್‌ಗಳು ಮರೆಯುವುದು ಇದನ್ನೇ. ಹುಡುಗಿ ಕೈ ತೊಳೆಯುತ್ತಿದ್ದಾಳೆ. ಅಲಾರಂ ಕೇಳುತ್ತದೆ. ಹೊರಗೆ ಬರುತ್ತಾಳೆ. ತನ್ನ ಕ್ಲಾಸಿಗೆ ವಾಪಸ್ ಹೋಗುವುದಿಲ್ಲ, ಹತ್ತಿರ ಕಂಡ ಟೀಚರ್ ಕೈ ಹಿಡಿದು ಅವರ ಸಾಲಿನಲ್ಲೇ ನಡೆಯುತ್ತಾಳೆ. ಮೈದಾನದಲ್ಲಿ ಅವಳ ಟೀಚರ್ ಹಾಜರಿ ಕರೆಯುತ್ತಾರೆ. ಅವಳ ಹೆಸರು ಬಂದಾಗ ಉತ್ತರವಿಲ್ಲ. ಪಕ್ಕದ ಸಾಲಿನ ಟೀಚರ್ ಕೈ ಎತ್ತುತ್ತಾರೆ: “ಇಲ್ಲಿದ್ದಾಳೆ!” ಕ್ಯಾಮೆರಾ ಮಗುವಿನ ಕಣ್ಣಿನ ಎತ್ತರದಲ್ಲೇ ಇರಲಿ. ಆಗ ಯಾರ ಕೈ ಹಿಡಿಯಬೇಕು ಅನ್ನುವುದು ನೋಡುವ ಮಗುವಿಗೂ ಕಾಣುತ್ತದೆ.

ಈ ದೃಶ್ಯ ಟೀಚರುಗಳಿಗೂ ಪಾಠ. ಹಾಜರಿ ಪುಸ್ತಕ ಜೊತೆಗೆ ಬಂದಿರಬೇಕು. ಕೊನೆಗೆ ಹೊರಟವರು ಬಾಗಿಲು ಮುಚ್ಚಿರಬೇಕು, ಹೊಗೆ ಹರಡುವುದನ್ನು ಅದು ತಡೆಯುತ್ತದೆ. ಒಬ್ಬರು ಕಾಣದಿದ್ದರೆ ಹುಡುಕಲು ಒಳಗೆ ಓಡದೆ ಡ್ರಿಲ್ ನಡೆಸುವವರಿಗೆ ಹೇಳಬೇಕು, ನಿಜವಾದ ಬೆಂಕಿಯಾದರೆ ಅಗ್ನಿಶಾಮಕದವರಿಗೆ.

ಹಾಜರಿ ಕರೆಯುವ ದೃಶ್ಯವನ್ನು ಕತ್ತರಿಸಬೇಡಿ. ಬೇಜಾರಾದರೂ 20 ಸೆಕೆಂಡು ಇರಲಿ, ನಿಜದಲ್ಲಿ ಅದಕ್ಕಿಂತ ಜಾಸ್ತಿ ಹೊತ್ತು ನಿಲ್ಲಬೇಕಲ್ವಾ? ಇನ್ನೊಂದು ಮಾತು. ಅಲಾರಂ ನಿಂತ ಕೂಡಲೇ ಮಕ್ಕಳು ಕ್ಲಾಸಿನ ಕಡೆ ತಿರುಗುತ್ತಾರೆ. ವಿಡಿಯೊದಲ್ಲಿ ಸದ್ದು ನಿಲ್ಲಲಿ, ಸಾಲು ಹಾಗೇ ನಿಂತಿರಲಿ. “ಈಗ ಒಳಗೆ ಹೋಗೋಣ” ಅಂತ ಟೀಚರ್ ಹೇಳಿದ ಮೇಲೆಯೇ ಮೊದಲ ಮಗು ಹೆಜ್ಜೆ ಎತ್ತಲಿ.