ಹಳೇಬೀಡಿನ ಆನೆ ಸಾಲು, ಕೆಂಪು ಬ್ಯಾಗ್ ಮತ್ತು ಸ್ನ್ಯಾಪ್‌ಶಾಟ್

"ಫೋಟೋಶಾಪ್‌ನಲ್ಲಿ ರಿಟಚ್ ಮಾಡಿದ್ದು ದೂರದಿಂದ ಚೆನ್ನಾಗಿದೆ, ಪೂರ್ತಿ ಝೂಮ್ ಮಾಡಿದರೆ ಅನುಮಾನ ಬರುತ್ತೆ. ನಂಬುವ ಹಾಗಿದೆಯಾ ಅಂತ ಹೇಗೆ ತೀರ್ಮಾನಿಸೋದು?"

ಮೊದಲಿನದನ್ನೂ ಈಗಿನದನ್ನೂ ಹೋಲಿಸಿದರೆ ಏನು ಬದಲಾಗಿದೆ ಅಂತ ಗೊತ್ತಾಗುತ್ತದೆ. ನಂಬಬಹುದಾ ಅನ್ನೋದನ್ನು ಮಾತ್ರ ಈಗಿನ ಚಿತ್ರ ಒಂದನ್ನೇ ನೋಡಿ ಹೇಳಬೇಕು. ಹಾಗಾಗಿ ನಾನು ಅದನ್ನೇ ಮೊದಲು ನೋಡುತ್ತೇನೆ, ಹೋಲಿಕೆ ಆಮೇಲೆ.

ಹಾಸನದಲ್ಲಿ ಸ್ಟುಡಿಯೋ ಕೆಲಸ ಅಂದರೆ ಹಳೇಬೀಡಿನ ಫೋಟೋ ಬರುತ್ತಲೇ ಇರುತ್ತವೆ. ಹೊಯ್ಸಳೇಶ್ವರ ದೇವಸ್ಥಾನದ ಗೋಡೆ ಮುಂದೆ ಮನೆಯವರು ನಿಂತಿದ್ದಾರೆ, ಪಕ್ಕದಲ್ಲಿ ಕೆಳಗಿನ ಆನೆ ಸಾಲಿಗೆ ಅಡ್ಡವಾಗಿ ಯಾರದೋ ಕೆಂಪು ಬ್ಯಾಗ್ ಇದೆ ಅಂತಿಟ್ಟುಕೊಳ್ಳಿ. ಫೈಲ್ ತೆರೆದಾಗ ಹಿಸ್ಟರಿ ಪ್ಯಾನೆಲ್‌ನ ಮೇಲೆ ಮೊದಲ ಸ್ನ್ಯಾಪ್‌ಶಾಟ್, ಅಂದರೆ ಚಿತ್ರ ಆ ಹೊತ್ತಿಗೆ ಇದ್ದ ಸ್ಥಿತಿಯ ನಕಲು, ತಾನಾಗೇ ಬರುತ್ತದೆ. ಬ್ಯಾಗ್ ತೆಗೆದು ಮುಗಿದ ಕೂಡಲೇ ಪ್ಯಾನೆಲ್ ಕೆಳಗಿನ ಕ್ಯಾಮೆರಾ ಗುರುತು ಒತ್ತಿ ಇನ್ನೊಂದು ಮಾಡಿ, "ಬ್ಯಾಗ್ ತೆಗೆದ ಮೇಲೆ" ಅಂತ ಹೆಸರಿಡಿ. ಇದನ್ನು ಬಿಡಬೇಡಿ, ಯಾಕಂದರೆ ಹಳೆಯ ಸ್ನ್ಯಾಪ್‌ಶಾಟ್ ಮೇಲೆ ನಿಂತು ಒಂದು ಸಲ ಬ್ರಷ್ ಆಡಿಸಿದರೂ ಕೆಳಗಿನ ಹಂತಗಳೆಲ್ಲ ಅಳಿಸಿಹೋಗುತ್ತವೆ, ಸ್ನ್ಯಾಪ್‌ಶಾಟ್ ಮಾತ್ರ ಉಳಿಯುತ್ತದೆ.

ಈಗ Ctrl+1 ಒತ್ತಿ, 100% ಬರುತ್ತದೆ. 66% ಅಥವಾ 33%ನಲ್ಲಿ ಫೋಟೋಶಾಪ್ ಚಿತ್ರವನ್ನು ಕುಗ್ಗಿಸಿ ತೋರಿಸುವುದರಿಂದ ಕಲ್ಲಿನ ತರಿ ಮತ್ತು ನಾಯ್ಸ್ ಮುಚ್ಚಿಹೋಗುತ್ತವೆ. 400%ಗೆ ಹೋದರೆ ಒಳ್ಳೆ ಕೆಲಸವೂ ಸುಳ್ಳಾಗಿ ಕಾಣುತ್ತದೆ. 4ಕೆ ಲ್ಯಾಪ್‌ಟಾಪ್ ಆದರೆ ಪಿಕ್ಸೆಲ್ ತುಂಬಾ ಚಿಕ್ಕದು, ಅಲ್ಲಿ 200% ಇಟ್ಟುಕೊಳ್ಳಿ.

ಬ್ಯಾಗ್ ಇದ್ದ ಜಾಗವನ್ನು ಮರೆತು ಚಿತ್ರವನ್ನು ಒಂದು ಮೂಲೆಯಿಂದ ನಿಧಾನಕ್ಕೆ ಸರಿಸುತ್ತಾ ಬನ್ನಿ. ಕಣ್ಣು ತಾನಾಗೇ ಎಲ್ಲಿ ನಿಲ್ಲುತ್ತೋ ಅಲ್ಲಿ ತೊಂದರೆ ಇದೆ. ಈ ಗೋಡೆಯಲ್ಲಿ ಸಾಮಾನ್ಯವಾಗಿ ಸಿಗುವುದು ಎರಡು. ಒಂದು, ಅವಳಿ ಆನೆ: ಪಕ್ಕದ ಆನೆಯನ್ನು ಕ್ಲೋನ್ ಮಾಡಿದ್ದರೆ ಸೊಂಡಿಲ ತುದಿಯ ಅದೇ ಮುಕ್ಕು ಎರಡು ಕಡೆ ಕಾಣುತ್ತದೆ. ಇನ್ನೊಂದು, ಮೆತ್ತಗಿನ ಅಂಚು: ಬ್ರಷ್‌ನ ಹಾರ್ಡ್‌ನೆಸ್ ತೀರಾ ಕಡಿಮೆ ಇದ್ದರೆ ತೇಪೆಯ ಸುತ್ತ ಹಳೆಯದೂ ಹೊಸದೂ ಬೆರೆತು ಬಳಪದ ಕಲ್ಲಿನ ತರಿ ನಯವಾಗಿ, ಸ್ವಲ್ಪ ಮಸುಕಾದ ಉಂಗುರವಾಗಿ ಉಳಿಯುತ್ತದೆ.

ಆಮೇಲೆ, ಝೂಮ್ ಹಾಗೇ ಇಟ್ಟು ಎರಡು ಸ್ನ್ಯಾಪ್‌ಶಾಟ್ ಮೇಲೆ ಒಂದಾದ ಮೇಲೊಂದು ಬೇಗಬೇಗ ಕ್ಲಿಕ್ ಮಾಡಿ. ಬ್ಯಾಗ್ ಮತ್ತು ಅದರ ನೆರಳು ಮಾತ್ರ ಬಂದು ಹೋಗಬೇಕು. ಅದರಾಚೆಯ ಕಲ್ಲೂ ಮಿಣುಕಿದರೆ ಬ್ರಷ್ ಅಗತ್ಯಕ್ಕಿಂತ ಜಾಸ್ತಿ ಹರಡಿದೆ ಅಂತ ಅರ್ಥ. "ಬ್ಯಾಗ್ ತೆಗೆದ ಮೇಲೆ" ಸ್ನ್ಯಾಪ್‌ಶಾಟ್‌ಗೆ ವಾಪಸ್ ಬಂದು, ಮೊದಲ ಸ್ನ್ಯಾಪ್‌ಶಾಟ್‌ನ ಎಡಗಡೆ ಚೌಕ ಒತ್ತಿ, Y ಒತ್ತಿ ಹಿಸ್ಟರಿ ಬ್ರಷ್‌ನಲ್ಲಿ ಆ ಭಾಗದ ಮೂಲ ಕಲ್ಲನ್ನು ಬರಿಸಿ. ಹೊಸ ಲೇಯರ್ ಮೇಲೆ ರಿಟಚ್ ಮಾಡಿದ್ದರೆ ಇದು ನಡೆಯುವುದಿಲ್ಲ, ಮೊದಲ ಸ್ನ್ಯಾಪ್‌ಶಾಟ್‌ನಲ್ಲಿ ಆ ಲೇಯರೇ ಇರಲಿಲ್ಲವಲ್ಲ. ಆಗ ಆ ಲೇಯರ್‌ಗೆ ಮಾಸ್ಕ್ ಹಾಕಿ ಆ ಭಾಗವನ್ನು ಮರೆಮಾಡಿದರೆ ಸಾಕು. ನಡುವೆ ಕ್ರಾಪ್ ಮಾಡಿದ್ದರೂ ಹಿಸ್ಟರಿ ಬ್ರಷ್ ಕೈ ಕೊಡುತ್ತದೆ, ಅದಕ್ಕೇ ಕ್ರಾಪ್ ಕೊನೆಗೆ ಇಟ್ಟುಕೊಳ್ಳಿ.

ಫೈಲ್ ಮುಚ್ಚಿದರೆ ಸ್ನ್ಯಾಪ್‌ಶಾಟ್ ಎಲ್ಲಾ ಹೋಗುತ್ತವೆ, ಪಿಎಸ್‌ಡಿಯಲ್ಲಿ ಸೇವ್ ಆಗುವುದಿಲ್ಲ. ನಾಳೆ ಮತ್ತೆ ನೋಡಬೇಕು ಅಂದರೆ ಮೂಲ ಚಿತ್ರವನ್ನು ಕೆಳಗಿನ ಲೇಯರ್ ಆಗಿ ಮುಟ್ಟದೆ ಬಿಡಿ. ಅದರ ಕಣ್ಣಿನ ಗುರುತನ್ನು Alt ಹಿಡಿದು ಒತ್ತಿದರೆ ಉಳಿದ ಲೇಯರ್‌ಗಳೆಲ್ಲ ಮರೆಯಾಗಿ ಮೂಲ ಕಾಣುತ್ತದೆ, ಮತ್ತೆ ಒತ್ತಿದರೆ ವಾಪಸ್ ಬರುತ್ತವೆ.